ಹೊಲಿಗೆ ಯಂತ್ರದ ವಯಸ್ಸನ್ನು ಮಕ್ಕಳೇ ಕಂಡುಹಿಡಿದದ್ದು

"ಮಕ್ಕಳಿಗೆ ಹಳೇ ಸಾಮಾನಿನ ಬಗ್ಗೆ ಬರೆಯಲು ಹೇಳಿದರೆ ಅಜ್ಜಿ ಹೇಳಿದ್ದನ್ನೇ ಬರೆದುಕೊಂಡು ಬರುತ್ತಾರೆ ಬಿಡಿ" ಎಂದು ಜೊತೆಯ ಶಿಕ್ಷಕರು ಹೇಳಿದ್ದರು. ಮೊದಲ ಎರಡು ವರ್ಷ ಹಾಗೇ ಆಯಿತು. ಬಂದ ಮೂವತ್ತು ಚಿಲ್ಲರೆ ಹಾಳೆಗಳಲ್ಲಿ ಮುಕ್ಕಾಲು ಪಾಲು "ನೂರು ವರ್ಷ ಹಳೆಯದು" ಎಂದೇ ಮುಗಿದಿದ್ದವು. ಆ ಎರಡು ವರ್ಷ ಅಳತೆಯ ಕ್ಯಾಲಿಪರ್‌ಗೂ ಫೋಟೊ ಮುದ್ರಣಕ್ಕೂ ಕೈಯಿಂದ ಹಾಕಿದ ದುಡ್ಡು ಪೂರ್ತಿ ದಂಡ. ಈಗ ಬೇಕಾಗುವುದು ಟೇಪು, ಟಾರ್ಚು, ಮೆದು ಪೆನ್ಸಿಲ್, ತೆಳು ಕಾಗದ, ಅಷ್ಟೇ.

ಮೂರನೇ ವರ್ಷ ಕ್ರಮ ತಿರುಗಿಸಿದೆ. ಮೊದಲು ನೋಡುವುದು, ಮನೆಯವರನ್ನು ಕೇಳುವುದು ಕೊನೆಗೆ. ವಯಸ್ಸಿನ ಜಾಗದಲ್ಲಿ ಒಂದೇ ವರ್ಷ ಬರೆಯುವಂತಿಲ್ಲ. "ಇದಕ್ಕಿಂತ ಮುಂಚೆ ಆಗಿರಲಾರದು", "ಇದಾದ ಮೇಲೆ ಆಗಿರಲಾರದು" ಎಂದು ಎರಡು ಗೆರೆ, ಪ್ರತಿಯೊಂದರ ಪಕ್ಕದಲ್ಲೂ ಯಾವ ಗುರುತು ನೋಡಿ ಹಾಗೆ ಹೇಳಿದ್ದು ಎಂಬುದು. ಮಾತೇ ಆಡದ ಮಕ್ಕಳಿಂದ ಮೊದಲ ಗೆರೆ ಬರೆಸಲು ನನ್ನದೊಂದು ಉಪಾಯವಿದೆ, ಅದು ಸದ್ಯಕ್ಕೆ ನನ್ನಲ್ಲೇ ಇರಲಿ.

ಈ ಕ್ರಮ ಗೆದ್ದದ್ದು ಒಂದು ಸಿಂಗರ್ ಹೊಲಿಗೆ ಯಂತ್ರದಲ್ಲಿ. ಮನೆಯವರ ಪ್ರಕಾರ ಅದು ಮುತ್ತಜ್ಜಿಯದು, ನೂರು ದಾಟಿದೆ. ತಲೆಭಾಗವೇ ಹತ್ತು ಹನ್ನೆರಡು ಕಿಲೋ ಇದ್ದೀತು, ಹಾಗಾಗಿ ನಾವೇ ಐದು ಜನ ಅದರ ಬಳಿಗೆ ಹೋದೆವು.

ಶುರುವಿನಲ್ಲೇ ಪೆಟ್ಟು ಬಿತ್ತು. ಒಬ್ಬ ಹುಡುಗ ಕೊಳೆ ತೆಗೆಯಲೆಂದು ಬಟ್ಟೆಗೆ ಸ್ಪಿರಿಟ್ ಹಾಕಿ ಒರೆಸಿಬಿಟ್ಟ. ಹಳೇ ಯಂತ್ರಗಳ ಬಂಗಾರದ ಚಿತ್ತಾರದ ಮೇಲೆ ಅರಗಿನ ವಾರ್ನಿಷ್ ಇರುತ್ತದೆ, ಸ್ಪಿರಿಟ್ ಅದನ್ನು ಕರಗಿಸುತ್ತದೆ. ಅಂಗೈಯಗಲದ ಬಂಗಾರ ಬೆಳ್ಳಿಯಂತೆ ಬಿಳುಪೇರಿತು. ಅಂದಿನಿಂದ ನಮ್ಮಲ್ಲಿ ಒಣ ಬಟ್ಟೆ ಬಿಟ್ಟು ಬೇರೇನೂ ಮುಟ್ಟಿಸುವುದಿಲ್ಲ.

ಕಂಬದ ಬುಡದಲ್ಲಿ ಕೊರೆದ ಸಂಖ್ಯೆಯೊಳಗೆ ಕೊಳೆ ತುಂಬಿತ್ತು. ಮೇಲೆ ತೆಳು ಕಾಗದವಿಟ್ಟು ಪೆನ್ಸಿಲ್ ಉಜ್ಜಿದರೆ ಬರೀ ಕಪ್ಪು ಕಲೆ. ಸೀಮೆಸುಣ್ಣದ ಪುಡಿ ತುಂಬೋಣ ಎಂದು ನಾನೇ ಹೇಳಿದ್ದೆ. ಪುಡಿ ಎಣ್ಣೆ ತೂತಿನ ಕಡೆ ಜಾರಿದ್ದು ನೋಡಿ ಕೈಬಿಟ್ಟೆ. ಕೊನೆಗೆ ಕಿಟಕಿ ಮುಚ್ಚಿ ಟಾರ್ಚನ್ನು ಅಡ್ಡಡ್ಡ, ಹೆಚ್ಚುಕಡಿಮೆ ಮಲಗಿಸಿ ಹಿಡಿದಾಗ ಅಂಕಿಗಳು ನೆರಳಾಗಿ ಎದ್ದವು. ಮೊದಲಕ್ಷರ ವೈ. ಉಬ್ಬಿದ ಹಿತ್ತಾಳೆ ಬಿಲ್ಲೆಗೆ ಮಾತ್ರ ಪೆನ್ಸಿಲ್ ಉಜ್ಜುವುದು ಚೆನ್ನಾಗಿ ಒಗ್ಗಿತು, ಕಂಪನಿಯ ಹೆಸರು ಪೂರ್ತಿ ಸಿಕ್ಕಿತು.

ಸಿಂಗರ್ ಸಂಖ್ಯೆಗಳ ಪಟ್ಟಿ ಸುಲಭವಾಗಿ ಸಿಗುತ್ತದೆ. ವೈ ಸರಣಿ ಸ್ಕಾಟ್ಲೆಂಡಿನ ಕ್ಲೈಡ್‌ಬ್ಯಾಂಕ್ ಕಾರ್ಖಾನೆಯದು, 1920ರ ದಶಕದಿಂದ 1930ರ ದಶಕದ ನಡುವಿನವರೆಗೆ. ಆದರೆ ಪಟ್ಟಿಯಲ್ಲಿರುವುದು ಸಂಖ್ಯೆಗಳ ಕಂತನ್ನು ಕಾರ್ಖಾನೆಗೆ ಹಂಚಿದ ದಿನ. ಯಂತ್ರ ತಯಾರಾದದ್ದು, ಮಾರಾಟವಾದದ್ದು ಅದರ ನಂತರ. ಹಾಗಾಗಿ ಅದನ್ನು "ಮುಂಚೆ ಆಗಿರಲಾರದು" ಗೆರೆಯಲ್ಲೇ ಬರೆಸಿದೆ. ಪೇಟೆಂಟ್ ದಿನಾಂಕದ್ದೂ ಇದೇ ಕಥೆ. ಹಿಂದಿನ ವರ್ಷ ಇನ್ನೊಂದು ಯಂತ್ರದಲ್ಲಿ ಸೂಜಿಯ ಪಕ್ಕ ಜಾರಿಸಿ ತೆಗೆಯುವ ತಗಡಿನ ಪೇಟೆಂಟ್ ದಿನಾಂಕವನ್ನೇ ತಯಾರಾದ ದಿನವೆಂದು ಮಕ್ಕಳು ಬರೆದಿದ್ದರು, ನಾನೂ ಸರಿ ಎಂದು ಗುರುತು ಹಾಕಿದ್ದೆ.

ಪಕ್ಕದಲ್ಲಿದ್ದ ಮೋಟರ್ ಮೂಲದ್ದೇ ಎಂದು ಮನೆಯವರ ನಂಬಿಕೆ. ಅದನ್ನು ಹಿಡಿದಿದ್ದ ಪಟ್ಟಿಯ ಸ್ಕ್ರೂಗಳ ತಲೆ ಕೂಡುವ ಚಿಹ್ನೆಯಂತಿರುವುದನ್ನು ಒಬ್ಬಳು ಕಂಡಳು. ಯಂತ್ರದ ಉಳಿದೆಲ್ಲ ಸ್ಕ್ರೂಗಳಿಗೆ ಒಂದೇ ಗೆರೆ. ಆ ಕೂಡು ತಲೆಯ ಫಿಲಿಪ್ಸ್ ಸ್ಕ್ರೂ ಬಳಕೆಗೆ ಬಂದದ್ದು 1930ರ ದಶಕದ ನಡುವಿನಲ್ಲಿ. ಒಂದೇ ಸ್ಕ್ರೂ ಆಗಿದ್ದರೆ ಯಾವಾಗಲೋ ಬದಲಾಯಿಸಿರಬಹುದು ಎಂದು ಬಿಡುತ್ತಿದ್ದೆ. ಮೂರೂ ಹಾಗೇ ಇದ್ದವು, ಮೇಲಾಗಿ ಪಟ್ಟಿಯ ಅಡಿಯಲ್ಲಿ ಕಪ್ಪು ಬಣ್ಣ ಸವೆಯದೆ ಹೊಳೆಯುತ್ತಿರಲಿಲ್ಲ, ಸುತ್ತಲಿನಂತೆಯೇ ಸವೆದಿತ್ತು. ಅಂದರೆ ಯಂತ್ರ ಬಹಳ ಕಾಲ ದುಡಿದ ಮೇಲೆ ಮೋಟರ್ ಬಂದಿದೆ.

ಯಂತ್ರವನ್ನು ಹೇಗೆ ಬಳಸಿದ್ದರೆಂದು ಹೇಳಿದ್ದು ಸವೆತವೇ. ಸೂಜಿಯ ಮುಂದಿನ ಅಂಚಿನಲ್ಲಿ ಚಿತ್ತಾರ ಪೂರ್ತಿ ಹೋಗಿತ್ತು: ಬಟ್ಟೆ ಎಳೆದ ಜಾಗ. ಕಾಲು ತುಳಿಯುವ ಜಾಲರಿ ಎರಡು ಕಡೆ ನುಣುಪಾಗಿತ್ತು, ಒಂದು ಮುಂದೆ, ಒಂದು ಹಿಂದೆ. ಮಕ್ಕಳು ಒಬ್ಬೊಬ್ಬರಾಗಿ ಕೂತು ಕಾಲಿಟ್ಟು ನೋಡಿದರು. ಎರಡೂ ಪಾದ ಸಮವಾಗಿಟ್ಟರೆ ಹೊಂದಲಿಲ್ಲ, ಒಂದನ್ನು ಮುಂದಿಟ್ಟಾಗ ಸರಿಯಾಗಿ ಕೂತಿತು.

ಇಷ್ಟಾದ ಮೇಲೆಯೇ ಅಜ್ಜಿಯನ್ನು ಕೇಳಿದ್ದು. "ಅಮ್ಮ ಬಲಗಾಲು ಮುಂದಿಟ್ಟೇ ತುಳಿಯುತ್ತಿದ್ದಳು, ನಿಮಗೆ ಹೇಗೆ ಗೊತ್ತಾಯ್ತು?" ಎಂದರು.

ಮೇಜಿನ ಅಡಿ ಮಲಗಿದ್ದ ಚಿಕ್ಕವಳು ಯಂತ್ರವನ್ನು ಮೇಜಿಗೆ ಹಿಡಿದಿಡುವ ಕೀಲಿನ ಪಕ್ಕ ನಾಲ್ಕು ಖಾಲಿ ತೂತು ಎಣಿಸಿದಳು. ಈಗಿನ ಕೀಲಿಗೆ ಅವು ಹೊಂದುವುದಿಲ್ಲ. ಈ ಮೇಜಿನ ಮೇಲೆ ಮೊದಲು ಬೇರೆ ಯಂತ್ರ ಕೂತಿರಬೇಕು. ಹಾಗಾಗಿ ಹಾಳೆಯನ್ನು ತಲೆಭಾಗ, ಮೋಟರ್, ಮೇಜು ಎಂದು ಮೂರು ಮಾಡಿ, ಪ್ರತಿಯೊಂದಕ್ಕೂ ಬೇರೆ ವಯಸ್ಸು ಬರೆಸಿದೆ. ಮೇಜಿನ ತಯಾರಕರ ಜಾಗದಲ್ಲಿ ಅವಳು "ಗುರುತಿಲ್ಲ, ಹುಡುಕಿದ್ದೇವೆ" ಎಂದು ಬರೆದಳು.