ಪ್ರೂಫ್ ಹೋಯ್ತು, ‘ಓಕೆ’ ಬರಲಿಲ್ಲ

ವಿಜಯಪುರದಲ್ಲಿ ನನ್ನದೊಂದು ಚಿಕ್ಕ ಪ್ರಿಂಟಿಂಗ್ ಪ್ರೆಸ್. ಜಾಸ್ತಿ ಕೆಲಸ ಲಗ್ನಪತ್ರಿಕೆಯದ್ದೇ. ಮ್ಯಾಟರ್ ಟೈಪ್ ಮಾಡಿ ವಾಟ್ಸಾಪ್‌ನಲ್ಲಿ ಪ್ರೂಫ್ ಕಳಿಸಲು ಒಂದು ತಾಸು ಸಾಕು. ‘ಓಕೆ’ ಬರಲು ಕೆಲವೊಮ್ಮೆ ವಾರ ಬೇಕು.

ಮೊದಮೊದಲು ಮರುದಿನ ಬೆಳಿಗ್ಗೆಯೇ ‘ನೋಡಿದ್ರಾ?’ ಅಂತ ಕೇಳುತ್ತಿದ್ದೆ. ನೀಲಿ ಟಿಕ್ ಬೀಳುತ್ತಿತ್ತು, ಉತ್ತರ ಇಲ್ಲ. ಮೊಬೈಲ್ ಮಗನ ಕೈಯಲ್ಲಿ, ಹೂಂ ಅನ್ನಬೇಕಾದವರು ಹಿರಿಯರು ಅನ್ನೋದು ಆಮೇಲೆ ಹೊಳೆಯಿತು. ಯಾರ ಹೆಸರು ಮೇಲೆ, ಯಾರದ್ದು ಕೆಳಗೆ ಅಂತ ಬೀಗರನ್ನೂ ಕೇಳಬೇಕಲ್ವಾ? ಅದೆಲ್ಲ ರಾತ್ರಿ ಊಟಕ್ಕೆ ಕೂತಾಗಿನ ಮಾತು. ಹಾಗಾಗಿ ಈಗ ಎರಡು ರಾತ್ರಿ ಬಿಡುತ್ತೇನೆ. ನಡುವೆ ಅಮಾವಾಸ್ಯೆ ಬಂದರೆ ಇನ್ನೊಂದು ದಿನ. ಅವತ್ತು ಲಗ್ನದ ಮಾತು ಯಾರಿಗೂ ಬೇಡ. ಜೋಳದ ರಾಶಿ ನಡೆದಿದ್ದರೆ ಹಗಲು ಮೆಸೇಜ್ ಹಾಕುವುದೇ ಇಲ್ಲ, ರಾತ್ರಿ ಎಂಟರ ಮೇಲೆ.

ಒಂದು ಸಲ ಐದು ದಿನ ಕಾದು ತಾಳ್ಮೆ ಕೆಟ್ಟಿತು. ‘ಇವತ್ತು ಹೇಳದಿದ್ರ ಹಂಗೇ ಪ್ರಿಂಟ್ ಹಾಕ್ತೀನಿ’ ಅಂತ ಬರೆದೆ. ಉತ್ತರ ಬರಲಿಲ್ಲ, ಮರುದಿನ ಐನೂರು ಪತ್ರಿಕೆ ಹಾಕಿಬಿಟ್ಟೆ. ಸಂಜೆ ಹುಡುಗನ ಅಪ್ಪ ಬಂದರು. ಅವರ ತಂದೆ ತೀರಿಕೊಂಡು ನಾಲ್ಕು ದಿನವಾಗಿತ್ತು. ಪತ್ರಿಕೆಯಲ್ಲಿ ಅಜ್ಜನ ಹೆಸರಿನ ಹಿಂದೆ ‘ಲಿಂ.’ ಬರಬೇಕಿತ್ತು, ಲಗ್ನದ ತಾರೀಖೂ ಮುಂದೆ ಹೋಗಿತ್ತು. ಐನೂರೂ ರದ್ದಿಗೆ ಹೋದವು. ಕಾಗದದ ಖರ್ಚಿಗಿಂತ, ಸಾವಾದ ಮನೆಗೆ ನಾನು ಕಳಿಸಿದ ಆ ಮೆಸೇಜ್ ನೆನೆದರೆ ಇವತ್ತಿಗೂ ಕಸಿವಿಸಿ.

ಅಂದಿನಿಂದ ‘ಉತ್ತರ ಇಲ್ಲ ಅಂದ್ರೆ ಒಪ್ಪಿಗೆ’ ಅನ್ನುವ ಮಾತು ಬರೆಯುವುದಿಲ್ಲ. ತಾರೀಖನ್ನು ಪ್ರೂಫ್ ಜೊತೆಗೇ ಹೇಳಿಬಿಡುತ್ತೇನೆ: ‘ಹತ್ತನೇ ತಾರೀಖಿಗೆ ಪತ್ರಿಕೆ ಕೈಗೆ ಬೇಕಂದ್ರ ಐದಕ್ಕ ಓಕೆ ಬೇಕ್ರಿ.’ ಪ್ರಿಂಟು, ಫಾಯಿಲ್, ಕಟಿಂಗ್ ಸೇರಿ ನನಗೆ ಐದು ದಿನ ಬೇಕು. ಹೀಗೆ ಮೊದಲೇ ಹೇಳಿದ್ದರೆ ಆಮೇಲೆ ನೆನಪಿಸುವುದು ತಗಾದೆ ಅನ್ನಿಸುವುದಿಲ್ಲ.

ಮೂರನೇ ದಿನ ಕಳಿಸುವುದು ಇಷ್ಟೇ: ‘ನಮಸ್ಕಾರ್ರಿ ಕಾಕಾ. ಮನ್ಯಾಗ ಎಲ್ಲಾರೂ ಆರಾಮ ಅದೀರೇನ್ರಿ? ಪ್ರೂಫ್ ಮತ್ತೊಮ್ಮೆ ಕಳಿಸೀನಿ, ಮೇಲೆ ಹುಡುಕೋದು ಬ್ಯಾಡ. ಹಿರಿಯರ ಹೆಸರು ಸರಿ ಅದಾವೇನ್ರಿ? ಇನ್ನೂ ನೋಡಾಕ ಆಗಿಲ್ಲಂದ್ರ ಯಾವತ್ತು ಕೇಳ್ಲಿ ಹೇಳ್ರಿ.’ ಪ್ರಶ್ನೆ ಹೆಸರಿನದ್ದೊಂದೇ. ‘ಎಲ್ಲಾ ಸರಿ ಐತೇನ್ರಿ?’ ಅಂದರೆ ಯಾರೂ ಓದುವುದಿಲ್ಲ, ಸುಮ್ನೆ ಬಿಡುತ್ತಾರೆ. ಕೊನೆಯ ಸಾಲಿಗೆ ‘ಸೋಮವಾರ’ ಅಂತ ಒಂದೇ ಪದ ಬಂದರೂ ನನಗೆ ಸಾಕು. ಮನೆಯವರ ಸುದ್ದಿಯನ್ನು ಮೊದಲು ಯಾಕೆ ಕೇಳುತ್ತೇನೆ ಅನ್ನೋದು ನಿಮಗೆ ಗೊತ್ತಾಯಿತಲ್ಲ.

ಅದಕ್ಕೂ ಉತ್ತರವಿಲ್ಲದಿದ್ದರೆ ಮತ್ತೆರಡು ದಿನ ಬಿಟ್ಟು ಒಂದು ಫೋನ್. ಎತ್ತದಿದ್ದರೆ ಕೊನೆಯ ಮೆಸೇಜ್: ‘ಕೆಲಸ ತೆಗೆದು ಇಟ್ಟೀನ್ರಿ. ನೀವು ಹೇಳಿದ ದಿನದಿಂದ ಐದು ದಿನಕ್ಕ ಕೊಡ್ತೀನಿ.’ ಆಮೇಲೆ ಆ ಕೆಲಸವನ್ನು ಬದಿಗಿಟ್ಟು ಮುಂದಿನ ಪತ್ರಿಕೆ ಹಚ್ಚುತ್ತೇನೆ.