ಹಿತಾಸಕ್ತಿ ಸಂಘರ್ಷದ ಅಧ್ಯಾಯಕ್ಕೆ ಉದಾಹರಣೆಗಳನ್ನು ಬರೆದ ಬಗೆ

ನಮ್ಮ ಸಂಸ್ಥೆಯ ನೀತಿ ಸಂಹಿತೆಯನ್ನು ಪರಿಷ್ಕರಿಸುವಾಗ ಹಿತಾಸಕ್ತಿ ಸಂಘರ್ಷದ ಅಧ್ಯಾಯ ನನ್ನ ಪಾಲಿಗೆ ಬಂತು. ಹಳೆಯ ಪಠ್ಯದಲ್ಲಿ ಒಂದು ಉದ್ದನೆಯ ವ್ಯಾಖ್ಯಾನವೂ ಅದರ ಕೆಳಗೆ ಕೆಲವು ಉದಾಹರಣೆಗಳೂ ಇದ್ದವು. ಅವುಗಳಲ್ಲಿ ಒಂದು ಹೀಗಿತ್ತು: ‘ಖರೀದಿ ವ್ಯವಸ್ಥಾಪಕರೊಬ್ಬರು ಹಣ ಪಡೆದು ತಮ್ಮ ಸಹೋದರನ ಕಂಪನಿಗೆ ಗುತ್ತಿಗೆ ನೀಡುತ್ತಾರೆ.’ ಇದನ್ನು ಓದಿದ ಯಾರೂ ತಪ್ಪಲ್ಲವೆಂದು ಹೇಳುವುದಿಲ್ಲ, ಇದು ತನ್ನ ಕಥೆಯೆಂದೂ ಯಾರಿಗೂ ಅನ್ನಿಸುವುದಿಲ್ಲ. ಹಣ ಪಡೆದ ಕೂಡಲೇ ಅದು ಲಂಚವಾಗುತ್ತದೆ. ಸಂಘರ್ಷ ಎಂಬುದು ಅದಕ್ಕಿಂತ ಬಹಳ ಮೊದಲೇ, ಯಾರೂ ಏನನ್ನೂ ಮಾಡದಿರುವಾಗಲೇ ಇರುತ್ತದೆ. ವಾರ್ಷಿಕ ಘೋಷಣಾ ನಮೂನೆಗಳು ಹೆಚ್ಚುಕಡಿಮೆ ಎಲ್ಲರಿಂದಲೂ ‘ಇಲ್ಲ’ ಎಂಬ ಒಂದೇ ಉತ್ತರ ಹೊತ್ತು ಬರುತ್ತಿದ್ದುದಕ್ಕೆ ಈ ಉದಾಹರಣೆಗಳೂ ಒಂದು ಕಾರಣ ಎಂಬುದು ನನ್ನ ಅಭಿಪ್ರಾಯ.

ಆದ್ದರಿಂದ ವ್ಯಾಖ್ಯಾನವನ್ನು ಎರಡು ವಾಕ್ಯಗಳಿಗೆ ಇಳಿಸಿದೆ. ನಿಮ್ಮ ಅಥವಾ ನಿಮಗೆ ಆಪ್ತರಾದವರ ಲಾಭನಷ್ಟವು, ಕಚೇರಿಯಲ್ಲಿ ನೀವು ಮಾಡಬೇಕಾದ ತೀರ್ಮಾನದ ಮೇಲೆ ಪ್ರಭಾವ ಬೀರಬಹುದಾದ ಅಥವಾ ಬೀರುತ್ತಿದೆಯೆಂದು ನೋಡುವವರಿಗೆ ಸಕಾರಣವಾಗಿ ಅನ್ನಿಸಬಹುದಾದ ಸ್ಥಿತಿಯೇ ಹಿತಾಸಕ್ತಿ ಸಂಘರ್ಷ. ಆ ಸ್ಥಿತಿಯಲ್ಲಿರುವುದು ತಪ್ಪಲ್ಲ, ತಿಳಿಸದೆ ಮುಂದುವರಿಯುವುದು ತಪ್ಪು. ಸಾರ್ವಜನಿಕ ಸೇವೆಗಾಗಿ ಆರ್ಥಿಕ ಸಹಕಾರ ಮತ್ತು ಅಭಿವೃದ್ಧಿ ಸಂಸ್ಥೆಯಾದ ಒಇಸಿಡಿ 2003ರಲ್ಲಿ ಹೊರತಂದ ಮಾರ್ಗಸೂಚಿಯು ನೈಜ, ಮೇಲ್ನೋಟದ ಮತ್ತು ಸಂಭಾವ್ಯ ಎಂದು ಸಂಘರ್ಷವನ್ನು ಮೂರಾಗಿ ನೋಡುತ್ತದೆ. ಈ ವಿಂಗಡಣೆ ಬರೆಯುವವನಿಗೆ ಬಹಳ ಉಪಯುಕ್ತ. ಆದರೆ ಉದ್ಯೋಗಿಯ ಮುಂದೆ ಅದನ್ನಿಟ್ಟರೆ ಅವರು ತಮ್ಮದು ಯಾವ ಬಗೆಯದೆಂದು ತರ್ಕಿಸುತ್ತ ಕೂರುತ್ತಾರೆಯೇ ಹೊರತು ತಿಳಿಸುವುದಿಲ್ಲ. ಹೀಗಾಗಿ ಆ ಮೂರು ಹೆಸರುಗಳನ್ನು ಪಠ್ಯದಿಂದ ಕೈಬಿಟ್ಟು, ಮೂರೂ ಬಗೆಗೆ ಉದಾಹರಣೆಗಳಿರುವಂತೆ ಮಾತ್ರ ನೋಡಿಕೊಂಡೆ.

ಉದಾಹರಣೆಗಳಿಗೆ ಬೇಕಾದ ಸಾಮಗ್ರಿ ಕಚೇರಿಯಲ್ಲೇ ಇತ್ತು: ಹಿಂದಿನ ಘೋಷಣೆಗಳು, ಆಂತರಿಕ ಲೆಕ್ಕಪರಿಶೋಧನೆಯ ಟಿಪ್ಪಣಿಗಳು, ಹಾಗೂ ಎಲ್ಲಕ್ಕಿಂತ ಮುಖ್ಯವಾಗಿ ಮಾನವ ಸಂಪನ್ಮೂಲ ವಿಭಾಗಕ್ಕೆ ಜನರು ಬಾಯಿಮಾತಿನಲ್ಲಿ ಕೇಳುವ ‘ಹೀಗೆ ಮಾಡಬಹುದೇ?’ ಎಂಬ ಪ್ರಶ್ನೆಗಳು. ಇವನ್ನು ಬಳಸುವಾಗ ಹೆಸರು ಅಳಿಸಿದರೆ ಸಾಲದು. ವಿಭಾಗ, ಸಂಬಂಧ, ವಸ್ತು ಈ ಮೂರನ್ನೂ ಬದಲಿಸಬೇಕು; ಇಲ್ಲವಾದರೆ ಓದುವವರು ‘ಇದು ಇಂಥವರ ವಿಷಯ’ ಎಂದು ಊಹಿಸುತ್ತಾರೆ, ಪ್ರಾಮಾಣಿಕವಾಗಿ ತಿಳಿಸಿದ್ದವರೇ ಮಾತಿಗೆ ಗುರಿಯಾಗುತ್ತಾರೆ. ಬದಲಿಸಬಾರದ್ದು ಒಂದೇ: ಆ ವ್ಯಕ್ತಿಗೆ ಅನುಮಾನ ಹುಟ್ಟಿದ ಕ್ಷಣ.

ಖರೀದಿಯ ಉದಾಹರಣೆಯನ್ನು ಕೊನೆಗೆ ಹೀಗೆ ಬರೆದೆ: ‘ನೀವು ನಿರ್ವಹಣಾ ವಿಭಾಗದಲ್ಲಿ ಕಿರಿಯ ಎಂಜಿನಿಯರ್. ಹೊಸ ಪಂಪುಗಳು ಬೇಕಾಗಿದ್ದು, ಅವುಗಳ ತಾಂತ್ರಿಕ ವಿವರಗಳನ್ನು ಬರೆದುಕೊಡಲು ನಿಮಗೆ ಹೇಳಿದ್ದಾರೆ. ಖರೀದಿ ಆದೇಶಕ್ಕೆ ಸಹಿ ಹಾಕುವವರು ಬೇರೆಯವರು. ಕೊಟೇಶನ್ ಕೇಳಲಿರುವ ಮೂರು ಸಂಸ್ಥೆಗಳಲ್ಲಿ ಒಂದರಲ್ಲಿ ನಿಮ್ಮ ಷಡ್ಡಕ ಪಾಲುದಾರರು. ಅವರೊಂದಿಗೆ ಈ ಖರೀದಿಯ ಬಗ್ಗೆ ನೀವು ಒಂದು ಮಾತನ್ನೂ ಆಡಿಲ್ಲ. ಅವರ ಪಂಪು ಒಳ್ಳೆಯದೆಂದು ನಿಮಗೆ ಅನುಭವದಿಂದ ಗೊತ್ತು.’

ಇದರ ಒಂದೊಂದು ವಿವರಕ್ಕೂ ಕಾರಣವಿದೆ. ಸಹಿ ಹಾಕುವ ಅಧಿಕಾರ ಇಲ್ಲದವರು ತಮಗೆ ಈ ನಿಯಮ ಅನ್ವಯಿಸುವುದಿಲ್ಲವೆಂದೇ ತಿಳಿದಿರುತ್ತಾರೆ. ಆದರೆ ಪಂಪಿನ ಒತ್ತಡ, ಗಾತ್ರ, ಲೋಹದ ದರ್ಜೆಯನ್ನು ಒಂದೇ ತಯಾರಕರಿಗೆ ಹೊಂದುವಂತೆ ಬರೆದುಬಿಟ್ಟರೆ ತೀರ್ಮಾನ ಅಲ್ಲಿಯೇ ಮುಗಿದಿರುತ್ತದೆ, ಸಹಿ ಹಾಕುವವರಿಗೆ ಅದು ಕಾಣುವುದೂ ಇಲ್ಲ. ಷಡ್ಡಕನನ್ನು ಆರಿಸಿಕೊಂಡದ್ದು, ಸಂಬಂಧಿಕರ ಪಟ್ಟಿ ಎಷ್ಟೇ ಉದ್ದವಿದ್ದರೂ ಅದರಿಂದ ತಪ್ಪಿಸಿಕೊಳ್ಳುವ ಒಂದು ಸಂಬಂಧ ಇದ್ದೇ ಇರುತ್ತದೆ ಎಂಬ ಕಾರಣಕ್ಕೆ. ಪಟ್ಟಿಯ ಬದಲು ‘ಇವರಿಗೆ ನಷ್ಟವಾಗುವ ತೀರ್ಮಾನ ಮಾಡಿದರೆ ಅವರ ಮುಖ ನೋಡಲು ನಿಮಗೆ ಮುಜುಗರವಾಗುತ್ತದೆಯೇ?’ ಎಂಬ ಪ್ರಶ್ನೆಯನ್ನು ಇಟ್ಟೆ. ಆಪ್ತ ಸ್ನೇಹಿತರೂ ಹಳೆಯ ಸಹೋದ್ಯೋಗಿಗಳೂ, ನಮಗೆ ಸಾಲ ಕೊಟ್ಟವರೂ ಆ ಪ್ರಶ್ನೆಯೊಳಗೆ ಬರುತ್ತಾರೆ. ಇನ್ನು ಪಂಪು ನಿಜವಾಗಿಯೂ ಒಳ್ಳೆಯದು ಎಂಬ ಮಾತನ್ನು ಬೇಕೆಂದೇ ಸೇರಿಸಿದ್ದೇನೆ, ಏಕೆಂದರೆ ಹೆಚ್ಚಿನವರು ತಿಳಿಸದೆ ಇರುವುದು ದುರುದ್ದೇಶದಿಂದಲ್ಲ, ‘ಸಂಸ್ಥೆಗೆ ಒಳ್ಳೆಯದನ್ನೇ ಮಾಡುತ್ತಿದ್ದೇನಲ್ಲ’ ಎಂಬ ಸಮಾಧಾನದಿಂದ.

ಉದಾಹರಣೆಯ ಕೆಳಗಿನ ಉತ್ತರ ‘ತಕ್ಷಣ ತಿಳಿಸಿ’ ಎಂಬಲ್ಲಿಗೆ ನಿಲ್ಲಬಾರದು. ತಿಳಿಸಿದರೆ ಏನಾಗುತ್ತದೆ ಎಂಬುದು ಗೊತ್ತಿಲ್ಲದಿದ್ದಾಗ ಜನರು ಕೆಟ್ಟದ್ದನ್ನೇ ಊಹಿಸಿಕೊಳ್ಳುತ್ತಾರೆ. ಆದ್ದರಿಂದ ಮುಂದಿನದನ್ನೂ ಬರೆದೆ: ತಾಂತ್ರಿಕ ವಿವರಗಳನ್ನು ಬೇರೊಬ್ಬ ಎಂಜಿನಿಯರ್ ಸಿದ್ಧಪಡಿಸುತ್ತಾರೆ; ಕೊಟೇಶನ್‌ಗಳು ನಿಮ್ಮ ಕೈಗೆ ಬರುವುದಿಲ್ಲ; ಪಂಪು ಬಂದಾಗ ಅದನ್ನು ಪರೀಕ್ಷಿಸಿ ಒಪ್ಪಿಕೊಳ್ಳುವುದಾಗಲಿ ಬಿಲ್ಲನ್ನು ದೃಢೀಕರಿಸುವುದಾಗಲಿ ನೀವಲ್ಲ; ನಿಮ್ಮ ಷಡ್ಡಕನ ಸಂಸ್ಥೆ ಎಲ್ಲರಂತೆ ಕೊಟೇಶನ್ ಸಲ್ಲಿಸಬಹುದು; ಈ ಘೋಷಣೆ ನಿಮ್ಮ ಬಡ್ತಿಯ ಕಡತಕ್ಕೆ ಸೇರುವುದಿಲ್ಲ. ಮೂರನೆಯ ಅಂಶವನ್ನು ಅನೇಕ ಸಂಹಿತೆಗಳು ಮರೆಯುತ್ತವೆ. ಆಯ್ಕೆಯ ಹಂತದಲ್ಲಿ ದೂರ ಉಳಿದವರೇ ನಂತರ ಕಳಪೆ ಸರಕನ್ನು ತಿರಸ್ಕರಿಸಬೇಕಾದ ಜಾಗದಲ್ಲಿದ್ದರೆ, ಸಂಘರ್ಷ ಹಿಂಬಾಗಿಲಿನಿಂದ ಮರಳಿ ಬರುತ್ತದೆ.

ಕರಡನ್ನು ಬೇರೆಬೇರೆ ವಿಭಾಗಗಳ ಸಣ್ಣ ಗುಂಪುಗಳಿಗೆ ಓದಿಸಿದೆ. ‘ಅರ್ಥವಾಯಿತೇ?’ ಎಂದು ಕೇಳಿದರೆ ಎಲ್ಲರೂ ತಲೆಯಾಡಿಸುತ್ತಾರೆ. ಹಾಗಾಗಿ ಉತ್ತರವನ್ನು ಮುಚ್ಚಿಟ್ಟು, ‘ನೀವು ಯಾರಿಗೆ, ಏನೆಂದು ಬರೆಯುತ್ತೀರಿ?’ ಎಂದು ಕೇಳಿದೆ. ಎಲ್ಲರೂ ಯೋಚಿಸದೆ ಒಂದೇ ಉತ್ತರ ಕೊಟ್ಟರೆ ಉದಾಹರಣೆ ತೀರಾ ಸರಳವಾಗಿದೆ ಎಂದರ್ಥ. ನಿಯಮವನ್ನು ಓದಿದ ಮೇಲೆಯೂ ಗುಂಪು ಎರಡಾಗಿ ಒಡೆದರೆ ದೋಷ ಉದಾಹರಣೆಯಲ್ಲಿಲ್ಲ, ನಿಯಮದಲ್ಲಿದೆ. ಕೆಲಸದ ಹೊರಗಿನ ಗಳಿಕೆಯ ವಿಷಯದಲ್ಲಿ ಹೀಗೇ ಆಯಿತು. ವಾರಾಂತ್ಯದಲ್ಲಿ ಪಾಠ ಹೇಳುವುದಕ್ಕೂ, ನಮ್ಮದೇ ಗ್ರಾಹಕರಿಗೆ ಸಾಫ್ಟ್‌ವೇರ್ ಬರೆದುಕೊಡುವುದಕ್ಕೂ ನಿಯಮದಲ್ಲಿ ಒಂದೇ ಮಾತಿತ್ತು. ಗ್ರಾಹಕ, ಪೂರೈಕೆದಾರ ಅಥವಾ ಪ್ರತಿಸ್ಪರ್ಧಿ ಇದರಲ್ಲಿ ಸೇರಿದ್ದಾರೆಯೇ, ಕಚೇರಿಯ ಸಮಯ, ಸಲಕರಣೆ ಅಥವಾ ಮಾಹಿತಿ ಬಳಕೆಯಾಗುತ್ತದೆಯೇ ಎಂಬ ಎರಡು ಪ್ರಶ್ನೆಗಳನ್ನು ಸೇರಿಸಿದ ಮೇಲೆ ಗೊಂದಲ ಕಡಿಮೆಯಾಯಿತು.

ಸಂಘರ್ಷವಲ್ಲದ ಉದಾಹರಣೆಗಳೂ ಬೇಕೇಬೇಕು. ನಿಮ್ಮ ಸೋದರತ್ತೆಯ ಮಗ ನಮ್ಮ ದೊಡ್ಡ ಗ್ರಾಹಕರೊಬ್ಬರ ಲೆಕ್ಕಪತ್ರ ವಿಭಾಗದಲ್ಲಿದ್ದು, ನಿಮಗಾಗಲಿ ಅವರಿಗಾಗಲಿ ಎರಡು ಸಂಸ್ಥೆಗಳ ನಡುವಿನ ವ್ಯವಹಾರದಲ್ಲಿ ಪಾತ್ರವಿಲ್ಲದಿದ್ದರೆ ತಿಳಿಸಬೇಕಾಗಿಲ್ಲ. ಮ್ಯೂಚುವಲ್ ಫಂಡ್ ಮೂಲಕ ಪ್ರತಿಸ್ಪರ್ಧಿಯ ಷೇರು ನಿಮ್ಮ ಪಾಲಿಗೆ ಬಂದಿದ್ದರೂ ಹಾಗೆಯೇ. ಇಂಥ ಗೆರೆ ಎಳೆಯದಿದ್ದರೆ ಎಚ್ಚರಿಕೆಯುಳ್ಳವರು ಎಲ್ಲವನ್ನೂ ಬರೆದು ಕಳುಹಿಸುತ್ತಾರೆ, ಆ ರಾಶಿಯಲ್ಲಿ ಗಮನಿಸಲೇಬೇಕಾದದ್ದು ಹೂತುಹೋಗುತ್ತದೆ. ಕಾನೂನು ವಿಭಾಗದವರಿಗೆ ಈ ಭಾಗ ಹಿಡಿಸಲಿಲ್ಲ. ಉದಾಹರಣೆಯಲ್ಲಿ ಇಲ್ಲದ್ದೆಲ್ಲ ಅನುಮತಿಸಿದ್ದೆಂದು ಯಾರಾದರೂ ವಾದಿಸಬಹುದೆಂಬ ಅವರ ಆತಂಕ ನ್ಯಾಯವಾದದ್ದೇ. ಉದಾಹರಣೆಗಳು ವ್ಯಾಖ್ಯಾನವನ್ನು ವಿವರಿಸುತ್ತವೆ, ಅದನ್ನು ಕಿರಿದುಗೊಳಿಸುವುದಿಲ್ಲ ಎಂಬ ವಾಕ್ಯವನ್ನು ಆರಂಭದಲ್ಲಿ ಸೇರಿಸಿ ಅವರ ಒಪ್ಪಿಗೆ ಪಡೆದೆ.

ಕೊನೆಯ ಉದಾಹರಣೆಯನ್ನು ಮೇಲಧಿಕಾರಿಗಳಿಗಾಗಿ ಬರೆದೆ. ಕೆಳಗಿನವರೊಬ್ಬರು ಬಂದು ಮೌಖಿಕವಾಗಿ ವಿಷಯ ತಿಳಿಸುತ್ತಾರೆ, ಅಧಿಕಾರಿ ‘ಪರವಾಗಿಲ್ಲ ಬಿಡಿ’ ಎನ್ನುತ್ತಾರೆ. ಅಧಿಕಾರಿ ವರ್ಗವಾಗಿ ಹೋದ ಮೇಲೆ, ತಿಳಿಸಿದ್ದಕ್ಕೂ ಒಪ್ಪಿಗೆ ಸಿಕ್ಕಿದ್ದಕ್ಕೂ ಸಾಕ್ಷಿ ಇರುವುದಿಲ್ಲ. ಆದ್ದರಿಂದ ಮೌಖಿಕ ಒಪ್ಪಿಗೆಗೆ ಬೆಲೆಯಿಲ್ಲವೆಂದೂ, ಅಧಿಕಾರಿ ತಮ್ಮ ನಿರ್ಧಾರವನ್ನು ಕಾರಣಸಹಿತ ನೋಂದಣಿ ಪುಸ್ತಕದಲ್ಲಿ ದಾಖಲಿಸಬೇಕೆಂದೂ, ಅಲ್ಲಿಯವರೆಗೆ ಉದ್ಯೋಗಿಯು ಆ ಕೆಲಸದಿಂದ ದೂರವಿರಬೇಕೆಂದೂ ಸೇರಿಸಿದೆ. ಸಂಘರ್ಷ ಸಂಸ್ಥೆಯ ಮುಖ್ಯಸ್ಥರದ್ದೇ ಆಗಿದ್ದರೆ ಘೋಷಣೆಯು ಅವರ ಅಧೀನದವರಿಗೆ ಹೋಗುವಂತಿಲ್ಲ, ಅದು ನಿರ್ದೇಶಕ ಮಂಡಳಿಯ ಲೆಕ್ಕಪರಿಶೋಧನಾ ಸಮಿತಿಗೇ ಹೋಗಬೇಕು.