ರಿಟ್ ಅರ್ಜಿಯಲ್ಲಿ ‘ಹೊಂದಿಸಿ ಬರೆಯಿರಿ’: ನನ್ನ ಅನುಭವ

ರಿಟ್ ಅರ್ಜಿಯ ಒಂದೊಂದು ಮಾತಿಗೂ ಸರ್ಕಾರದ ಉತ್ತರದಲ್ಲಿ ಏನಿದೆ ಅಂತ ಮೊದಲ ಸಲ ಪಟ್ಟಿ ಮಾಡಿಕೊಂಡು ಹೋದಾಗ ನಮ್ಮ ಸೀನಿಯರ್ ಕನ್ನಡಕ ಮೇಲೆತ್ತಿ ನೋಡಿ, "ಏನಯ್ಯಾ ಇದು, ರಿಟ್ಟಾ ಇಲ್ಲಾ ಏಳನೇ ಕ್ಲಾಸಿನ ಹೊಂದಿಸಿ ಬರೆಯಿರಿನಾ?" ಅಂದರು. ಚೇಂಬರಿನಲ್ಲಿ ಎಲ್ಲರೂ ನಕ್ಕರು. ಈಗ ಅದೇ ಸೀನಿಯರ್ ಕೌಂಟರ್ ಬಂದ ದಿನ ಸಂಜೆಯೇ "ಹೊಂದಿಸಿ ಬರೆದಾಯ್ತಾ?" ಅಂತ ಕೇಳುತ್ತಾರೆ. ಅದಕ್ಕೇ ಇಷ್ಟು ಧೈರ್ಯವಾಗಿ ಬರೆಯುತ್ತಿದ್ದೇನೆ.

ನಮ್ಮ ಹೈಕೋರ್ಟಿನಲ್ಲಿ ರಿಟ್ ಅರ್ಜಿಗೆ ಉತ್ತರವಾಗಿ ಸರ್ಕಾರ ಹಾಕೋದನ್ನು ಸ್ಟೇಟ್‌ಮೆಂಟ್ ಆಫ್ ಆಬ್ಜೆಕ್ಷನ್ಸ್ ಅಂತಾರೆ, ಕೆಳಗೊಂದು ವೆರಿಫೈಯಿಂಗ್ ಅಫಿಡವಿಟ್ ಇರುತ್ತೆ. ಸುಪ್ರೀಂ ಕೋರ್ಟಿನವರು ಕೌಂಟರ್ ಅಫಿಡವಿಟ್ ಅಂತಾರೆ. ನಾನು ಸುಮ್ನೆ ಕೌಂಟರ್ ಅಂತಲೇ ಕರೆಯುತ್ತೇನೆ.

ಕೇಸು ಹೀಗಿತ್ತು. ಒಂದು ಅನುದಾನಿತ ಸಂಸ್ಥೆಯ ಗುಮಾಸ್ತರು, ಗ್ರೂಪ್ ಸಿ. ಅನುದಾನಿತ ಆದ್ದರಿಂದ ಸರ್ಕಾರಿ ನೌಕರರ ಕೇಸು ಕೇಳೋ ಕೆಎಸ್‌ಎಟಿ ಅಲ್ಲ, ನೇರ ಹೈಕೋರ್ಟು. 2003ರಲ್ಲಿ ಕೊಟ್ಟ ಕಾಲಮಿತಿ ಬಡ್ತಿ ತಪ್ಪಾಗಿತ್ತು ಅಂತ ಆಡಿಟ್‌ನವರು ಪಿಂಚಣಿ ಕಡತ ನೋಡುವಾಗ ಹೇಳಿದರು. ಇಲಾಖೆ (ಯಾವುದು ಅಂತ ಬೇಡ) ಗುಮಾಸ್ತರು 2017ರಲ್ಲಿ ನಿವೃತ್ತಿಯಾಗಿ ಎರಡು ತಿಂಗಳಾದ ಮೇಲೆ ಗ್ರಾಚ್ಯುಟಿಯಿಂದ ಸುಮಾರು ಎರಡೂಮುಕ್ಕಾಲು ಲಕ್ಷ ಕಡಿತ ಮಾಡೋ ಆದೇಶ ಹೊರಡಿಸಿತು. ಅರ್ಜಿಯಲ್ಲಿ ಎ ಇಂದ ಐ ವರೆಗೆ ಒಂಬತ್ತು ಗ್ರೌಂಡ್, ಅಂದರೆ ಆದೇಶ ಯಾಕೆ ತಪ್ಪು ಅನ್ನೋ ಕಾರಣಗಳು. ಕೌಂಟರ್ ಬಂದಾಗ 2019, ಹದಿನಾರೋ ಹದಿನೇಳೋ ಪ್ಯಾರಾ.

ಮೊದಲು ಎಲ್ಲರೂ ಮಾಡೋದನ್ನೇ ಮಾಡಿದೆ. ಎಡಗಡೆ ಅರ್ಜಿಯ ಪ್ಯಾರಾ ನಂಬರ್, ಬಲಗಡೆ ಕೌಂಟರಿನ ಪ್ಯಾರಾ ನಂಬರ್. ಅರ್ಧ ದಾರಿಯಲ್ಲೇ ಕೆಟ್ಟಿತು. ಎಡಗಡೆ ಒಂಬತ್ತು ಗ್ರೌಂಡ್, ಬಲಗಡೆ ಒಂದೇ ಸಾಲು: "ಅರ್ಜಿದಾರರು ಎತ್ತಿರುವ ಗ್ರೌಂಡುಗಳಲ್ಲಿ ಹುರುಳಿಲ್ಲ." ಯಾಕೆ ಹೀಗೆ ಅಂತ ಆಮೇಲೆ ಗೊತ್ತಾಯಿತು. ಕೌಂಟರ್ ಹುಟ್ಟೋದು ಸರ್ಕಾರಿ ವಕೀಲರ ಆಫೀಸಿನಲ್ಲಲ್ಲ, ಇಲಾಖೆಯ ಕೇಸ್ ವರ್ಕರ್ ಬರೆದು ಕಳಿಸೋ ಪ್ಯಾರಾವಾರು ಉತ್ತರದಲ್ಲಿ. ಆತ ಒಂದು, ಎರಡು, ಮೂರು ಅಂತ ನಂಬರ್ ಇರೋ ಸಂಗತಿಗಳಿಗೆ ಕಡತ ನೋಡಿ ಉತ್ತರ ಬರೆಯುತ್ತಾನೆ. ಎ, ಬಿ, ಸಿ ಶುರುವಾದ ಕೂಡಲೇ ಅದು ವಕೀಲರ ಕೆಲಸ ಅಂತ ಪೆನ್ನು ಮುಚ್ಚುತ್ತಾನೆ. ವಕೀಲರು ಕಡತ ನೋಡಿರಲ್ಲ. ಹಾಗಾಗಿ ಗ್ರೌಂಡಿಗೆ ನಿಜವಾದ ಉತ್ತರ ಇದ್ದರೆ ಅದು ಸಂಗತಿಗಳ ಮಧ್ಯೆ ಎಲ್ಲೋ ಬಿದ್ದಿರುತ್ತೆ, ನಂಬರ್ ಹಿಡಿದು ಹೋದರೆ ಸಿಗಲ್ಲ.

ಎರಡನೇ ಪ್ರಯೋಗ ಹೈಲೈಟರ್. ನಾಲ್ಕು ಬಣ್ಣ, ಪ್ರತಿ ಗ್ರೌಂಡಿಗೂ ಒಂದೊಂದು ಗುರುತು, ನೋಡೋಕೆ ರಂಗೋಲಿ ಥರ ಚೆನ್ನಾಗಿತ್ತು. ಸೀನಿಯರಿಗೆ ಅಂತ ಕ್ಲರ್ಕ್ ಅದನ್ನೇ ಜೆರಾಕ್ಸ್ ಮಾಡಿಸಿದರು. ಕಪ್ಪು ಬಿಳುಪು. ನಾಲ್ಕೂ ಬಣ್ಣ ಒಂದೇ ಬೂದಿ. ಪೆನ್ನು, ಜೆರಾಕ್ಸ್ ಸೇರಿ ಒಂದು ನಾನೂರು ರೂಪಾಯಿ ಹೋಯಿತು, ಜೊತೆಗೆ ಎರಡು ರಾತ್ರಿ ನಿದ್ದೆ. ಇನ್ನೊಮ್ಮೆ ಕೌಂಟರನ್ನು ಸಾಲು ಸಾಲಾಗಿ ಕತ್ತರಿಸಿ ಚೀಟಿ ಮಾಡಿ ನೆಲದ ಮೇಲೆ ಗ್ರೌಂಡುಗಳ ಪಕ್ಕ ಜೋಡಿಸಿದೆ. ಐಡಿಯಾ ಒಳ್ಳೇದೇ, ಆದರೆ ಮನೆಯವಳು ಬಂದು ಫ್ಯಾನ್ ಹಾಕಿದಳು.

ಚೀಟಿಯಿಂದ ಒಂದು ಉಪಕಾರ ಆಯಿತು. ಒಂದು ಗ್ರೌಂಡ್ ಅಂದರೆ ಒಂದು ಮಾತಲ್ಲ ಅಂತ ಕಣ್ಣಿಗೆ ಬಿತ್ತು. ನಮ್ಮ ಎ ಗ್ರೌಂಡ್ ನೋಡಿ: ‘ಆದೇಶಕ್ಕೆ ಮೊದಲು ನೋಟಿಸ್ ಕೊಟ್ಟಿಲ್ಲ, ಆಡಿಟ್ ಆಕ್ಷೇಪಣೆಯ ಪ್ರತಿ ಕೊಟ್ಟಿಲ್ಲ, ಅಹವಾಲು ಕೇಳಿಲ್ಲ, ಆದ್ದರಿಂದ ಸಹಜ ನ್ಯಾಯಕ್ಕೆ ವಿರುದ್ಧ.’ ಮೂರು ಸಂಗತಿ, ಒಂದು ಕಾನೂನಿನ ಮಾತು. ಇವನ್ನು ಎ1, ಎ2, ಎ3, ಎ4 ಅಂತ ಒಡೆದೆ. ಒಂಬತ್ತು ಗ್ರೌಂಡ್ ಒಡೆದಾಗ ಇಪ್ಪತ್ತೊಂದೋ ಇಪ್ಪತ್ತೆರಡೋ ತುಂಡು ಬಂತು. ಪ್ರತಿ ತುಂಡನ್ನೂ ಹಿಡಿದುಕೊಂಡು ಕೌಂಟರನ್ನು ಮೊದಲಿಂದ ಕೊನೆವರೆಗೆ ಓದಿದೆ. ಹೌದು, ಇಪ್ಪತ್ತು ಸಲ. ಬೇಜಾರಿನ ಕೆಲಸವೇ, ಆದರೆ ಐದಾರು ಸಲ ಆದ ಮೇಲೆ ಕೌಂಟರ್ ಬಾಯಿಪಾಠ ಆಗಿರುತ್ತೆ.

ಪ್ರತಿ ತುಂಡಿನ ಮುಂದೆ ಒಂದು ಗುರುತು. ಮೊದಲು ಒಂಬತ್ತು ಗುರುತು ಇಟ್ಟಿದ್ದೆ, ನನಗೇ ನೆನಪಿರುತ್ತಿರಲಿಲ್ಲ. ಈಗ ಐದೇ: ಒಪ್ಪಿದ್ದಾರೆ, ದಾಖಲೆ ಕೊಟ್ಟು ಅಲ್ಲಗಳೆದಿದ್ದಾರೆ, ಬರೀ ಬಾಯಲ್ಲಿ ಅಲ್ಲಗಳೆದಿದ್ದಾರೆ, ಜಾರಿಕೊಂಡಿದ್ದಾರೆ, ಮೌನ. ಇದರಲ್ಲಿ ಕಷ್ಟದ್ದು ‘ಜಾರಿಕೊಂಡಿದ್ದಾರೆ’. ಎ1ಕ್ಕೆ ಸಿಕ್ಕಿದ ಉತ್ತರ, ಎಂಟನೇ ಪ್ಯಾರಾದ ಮಧ್ಯೆ: "ಅರ್ಜಿದಾರರಿಗೆ ಸಾಕಷ್ಟು ಅವಕಾಶ ನೀಡಲಾಗಿರುತ್ತದೆ." ಓದಿದರೆ ಅಲ್ಲಗಳೆದ ಹಾಗೇ ಕೇಳುತ್ತೆ. ಆದರೆ ನೋಟಿಸ್ ಕೊಟ್ಟೆವು ಅಂತ ಎಲ್ಲೂ ಇಲ್ಲ. ತಾರೀಖಿಲ್ಲ, ಜೊತೆಗಿಡೋ ದಾಖಲೆ, ಅಂದರೆ ಅನೆಕ್ಷರ್, ಅದೂ ಇಲ್ಲ. ನನ್ನ ಪರೀಕ್ಷೆ ಸುಲಭ. ಉತ್ತರದಲ್ಲಿ ನಮ್ಮ ಮಾತಿನ ಮುಖ್ಯ ಪದ, ಇಲ್ಲಿ ‘ನೋಟಿಸ್’, ಇದೆಯಾ? ಇಲ್ಲದಿದ್ದರೆ ಅದು ಜಾರಿಕೆ. ಎ2ಕ್ಕೆ ಪೂರ್ತಿ ಮೌನ. ಎ3ಕ್ಕೆ "ಖುದ್ದಾಗಿ ವಿಚಾರಣೆ ನಡೆಸಲಾಗಿದೆ" ಅಂತ ಒಂದು ಸಾಲಿತ್ತು. ಇಲ್ಲಿ ಕೆಳಗಿನ ಅಫಿಡವಿಟ್ ನೋಡಬೇಕು. ಸಹಿ ಹಾಕಿದ ಅಧಿಕಾರಿ ಆ ಹುದ್ದೆಗೆ ಬಂದಿದ್ದೇ 2019ರಲ್ಲಿ. 2017ರ ವಿಚಾರಣೆ ಅವರು ಕಂಡವರಲ್ಲ, ಕಡತ ನೋಡಿಯೇ ಹೇಳಬೇಕು. ಹಾಗಾದರೆ ಕಡತದ ಟಿಪ್ಪಣಿ ಹಾಳೆ ಎಲ್ಲಿ? ಹಾಕಿರಲಿಲ್ಲ.

ಮೌನ ಸಿಕ್ಕಿತು ಅಂತ ಕುಣಿಯೋ ಹಾಗಿಲ್ಲ. ಅರ್ಜಿಯಲ್ಲಿ ಹೇಳಿದ ಸಂಗತಿಯನ್ನು ಕೌಂಟರಿನಲ್ಲಿ ಅಲ್ಲಗಳೆಯದಿದ್ದರೆ ಒಪ್ಪಿದಂತೆ ಅನ್ನೋದಕ್ಕೆ ನಸೀಮ್ ಬಾನೊ ಕೇಸು (1993) ಇದ್ದೇ ಇದೆ. ಆದರೆ ಅದು ಸಂಗತಿಗೆ ಮಾತ್ರ. ಎ4ಕ್ಕೆ, ಅಂದರೆ ಸಹಜ ನ್ಯಾಯದ ಮಾತಿಗೆ, ಸರ್ಕಾರ ಸುಮ್ಮನಿದ್ದರೆ ನಮಗೇನೂ ಲಾಭ ಇಲ್ಲ, ಕಾನೂನು ನೋಡೋದು ಕೋರ್ಟು. ನಾನು ಮೊದಲ ಪಟ್ಟಿಯಲ್ಲಿ ಕಾನೂನಿನ ತುಂಡುಗಳಿಗೂ ‘ಮೌನ, ಒಪ್ಪಿದ್ದಾರೆ’ ಅಂತ ಬರೆದಿದ್ದೆ. ಸೀನಿಯರ್ ಕೆಂಪು ಪೆನ್ನಿನಲ್ಲಿ ಗೀಚಿ ಹಾಕಿದರು, ಸರಿಯಾಗೇ ಮಾಡಿದರು. ನಮ್ಮ ಸಂಗತಿಗೂ ಕಾಗದ ಬೇಕು. ಎಫ್ ಗ್ರೌಂಡಿನಲ್ಲಿ ಕಡಿತದ ಲೆಕ್ಕ ತಪ್ಪು ಅಂದಿದ್ದೆವು. ಕೌಂಟರ್ ಮೌನ, ನಿಜ. ಆದರೆ ನಮ್ಮ ಹತ್ತಿರವೂ ಲೆಕ್ಕದ ಒಂದು ಹಾಳೆ ಇರಲಿಲ್ಲ. ರಿಟ್‌ನಲ್ಲಿ ಸಂಗತಿ ಹೇಳಿದರೆ ಸಾಲದು, ಪುರಾವೆಯನ್ನೂ ಜೊತೆಗೇ ಹಾಕಿರಬೇಕು ಅಂತ ಭರತ್ ಸಿಂಗ್ ಕೇಸಿನಲ್ಲಿ (1988) ಹೇಳಿದೆ. ಆ ಸಾಲನ್ನು ನಾನೇ ಪಟ್ಟಿಯಿಂದ ತೆಗೆದೆ.

ಈಗ ದೊಡ್ಡ ಎಡವಟ್ಟಿನ ಕಥೆ. ಪಟ್ಟಿ ಮುಗಿಯಿತು ಅಂತ ಜಂಬದಲ್ಲಿ ಕೋರ್ಟಿಗೆ ಹೋದೆವು. ಬಿ, ಸಿ, ಡಿ ಗ್ರೌಂಡ್ ಎಲ್ಲ ರಫೀಕ್ ಮಸೀಹ್ ತೀರ್ಪಿನ (2014) ಮೇಲೆ ನಿಂತಿದ್ದವು: ಗ್ರೂಪ್ ಸಿ ಮತ್ತು ಡಿ ನೌಕರರಿಂದ, ನಿವೃತ್ತರಿಂದ, ಐದು ವರ್ಷಕ್ಕಿಂತ ಹೆಚ್ಚು ಕಾಲ ಕೊಟ್ಟ ಹಣವನ್ನು ವಸೂಲಿ ಮಾಡೋ ಹಾಗಿಲ್ಲ. ಮೂರೂ ನಮಗೆ ಹೊಂದುತ್ತೆ. ಸರ್ಕಾರಿ ವಕೀಲರು ಎದ್ದು ಶಾಂತವಾಗಿ, "ಹನ್ನೆರಡನೇ ಪ್ಯಾರಾ, ಅನೆಕ್ಷರ್ ಆರ್-3 ನೋಡಬೇಕು ಸ್ವಾಮಿ" ಅಂದರು. ಹೆಚ್ಚು ಹಣ ಬಂದರೆ ವಾಪಸ್ ಕೊಡುತ್ತೇನೆ ಅಂತ ನಮ್ಮ ಗುಮಾಸ್ತರೇ ಬರೆದುಕೊಟ್ಟ ಮುಚ್ಚಳಿಕೆ. ಮುಚ್ಚಳಿಕೆ ಇದ್ದರೆ ನಿವೃತ್ತರಿಂದಲೂ ವಸೂಲಿ ಮಾಡಬಹುದು ಅಂತ ಜಗದೇವ್ ಸಿಂಗ್ ತೀರ್ಪು (2016) ಇದೆ. ನಾನು ಆ ಪ್ಯಾರಾ ಇಪ್ಪತ್ತು ಸಲ ಓದಿದ್ದೆ! ಆದರೆ ಅದು ನಮ್ಮ ಯಾವ ಗ್ರೌಂಡಿಗೂ ಉತ್ತರ ಆಗಿರಲಿಲ್ಲ, ಹಾಗಾಗಿ ಪಟ್ಟಿಯಲ್ಲಿ ಅದಕ್ಕೆ ಜಾಗವೇ ಇರಲಿಲ್ಲ. ಕೌಂಟರಿಗೆ ನಮ್ಮ ಉತ್ತರ, ಅಂದರೆ ರಿಜಾಯಿಂಡರ್, ಹಾಕೋಕೆ ಟೈಮ್ ಕೇಳಿ ಮುಂದೂಡಿಸಿಕೊಂಡೆವು. ನಮ್ಮ ಬೋರ್ಡಿಗೆ ಮತ್ತೆ ಬರೋಕೆ ನಾಲ್ಕು ತಿಂಗಳು. ಕಕ್ಷಿದಾರರಿಗೆ ಎರಡು ಸಲ ಓಡಾಟ, ನನಗೆ ಆ ತಿಂಗಳ ಫೀಸು ಕೇಳೋ ಮುಖ ಇರಲಿಲ್ಲ.

ಅವತ್ತಿಂದ ಪಟ್ಟಿ ಎರಡು ಕಡೆಯಿಂದ. ಗ್ರೌಂಡಿನಿಂದ ಕೌಂಟರಿಗೆ ಹೋಗಿ ಮುಗಿದ ಮೇಲೆ, ಕೌಂಟರಿನ ಯಾವ ಯಾವ ಸಾಲು ಯಾವ ಗ್ರೌಂಡಿಗೂ ಜೋಡಿ ಆಗದೆ ಉಳಿಯಿತು ಅಂತ ಬೇರೆ ಹಾಳೆಯಲ್ಲಿ ಬರೆಯುತ್ತೇನೆ. ಉಪಯೋಗಿಸಿದ ಸಾಲಿನ ಮೇಲೆ ಪೆನ್ಸಿಲ್ ಗೆರೆ ಎಳೆದರೆ ಆಯ್ತು, ಗೆರೆ ಇಲ್ಲದ್ದೇ ಉಳಿಕೆ. ಉಳಿಕೆಯಲ್ಲಿ ಮುಕ್ಕಾಲು ಪಾಲು ಕಸ. ಉಳಿದ ಒಂದೆರಡು ಸಾಲಿನಲ್ಲೇ ಕೇಸು ಬೀಳೋದು. ಮುಚ್ಚಳಿಕೆ ಹಾಳೆಯನ್ನು ನಿಧಾನವಾಗಿ ಓದಿದಾಗ ಎರಡು ವಿಷಯ ಕಂಡವು. ಅದು 2012ರ ವೇತನ ಪರಿಷ್ಕರಣೆ ಹೊತ್ತಿನಲ್ಲಿ ಬರೆದದ್ದು, ‘ಈ ಪರಿಷ್ಕರಣೆಯಲ್ಲಿ ಹೆಚ್ಚು ಪಾವತಿಯಾದರೆ’ ಅಂತ ಇತ್ತು. ವಸೂಲಿ ಮಾಡುತ್ತಿರೋದು 2003ರ ಬಡ್ತಿಯ ಹಣ. ಇನ್ನೊಂದು, ವಸೂಲಿ ಆದೇಶದಲ್ಲಿ ಮುಚ್ಚಳಿಕೆಯ ಸುಳಿವೇ ಇಲ್ಲ. ಆದೇಶದಲ್ಲಿ ಇಲ್ಲದ ಕಾರಣವನ್ನು ಆಮೇಲೆ ಅಫಿಡವಿಟ್ಟಿನಲ್ಲಿ ಸೇರಿಸೋ ಹಾಗಿಲ್ಲ, ಮೊಹಿಂದರ್ ಸಿಂಗ್ ಗಿಲ್ (1978). ರಿಜಾಯಿಂಡರ್ ಮೂರೇ ಪುಟ, ಬರೀ ಉಳಿಕೆಗೆ ಉತ್ತರ.

ಕೋರ್ಟಿಗೆ ಕೊಟ್ಟದ್ದು ಇಡೀ ಪಟ್ಟಿಯಲ್ಲ, ಎರಡು ಪುಟ. ನಾಲ್ಕು ಕಾಲಂ: ನಮ್ಮ ಮಾತು ಮತ್ತು ಪುಟ, ಅವರ ಮಾತು ಅವರದೇ ಪದಗಳಲ್ಲಿ ಮತ್ತು ಪುಟ, ಅನೆಕ್ಷರ್ ಇದೆಯೋ ಇಲ್ಲವೋ, ಗುರುತು. ಅವರ ಮಾತನ್ನು ನಮ್ಮ ಭಾಷೆಗೆ ತಿರುಗಿಸಿ ಬರೆದರೆ ಸತ್ತಿರಿ, ಎದುರಿನವರು ಮೊದಲ ಸಾಲಿಗೇ ಎದ್ದು ನಿಲ್ಲುತ್ತಾರೆ. ಆ ಎರಡು ಪುಟದಲ್ಲಿ ಯಾವ ಸಾಲು ಮೊದಲು ಬರಬೇಕು ಅನ್ನೋದಕ್ಕೆ ನನ್ನದೇ ಒಂದು ಲೆಕ್ಕ ಇದೆ. ಅದನ್ನು ಇಲ್ಲಿ ಬರೆಯಲ್ಲ, ಹೊಟ್ಟೆಪಾಡು. ಗ್ರೌಂಡಿನ ಕ್ರಮದಲ್ಲಂತೂ ಅಲ್ಲ.

ನ್ಯಾಯಮೂರ್ತಿಗಳು ಎ1ರ ಸಾಲಿನ ಮೇಲೆ ಬೆರಳಿಟ್ಟು ಕೇಳಿದ್ದು ಒಂದೇ ಪ್ರಶ್ನೆ: "ನೋಟಿಸ್ ಯಾವ ತಾರೀಖು?" ಸರ್ಕಾರಿ ವಕೀಲರು ಕೌಂಟರ್ ತಿರುವಿದರು, ಹಿಂದೆ ನಿಂತಿದ್ದ ಇಲಾಖೆಯವರ ಕಡೆ ನೋಡಿದರು, ಅವರು ಕಡತ ತಿರುವಿದರು. ಎರಡು ನಿಮಿಷ ಯಾರೂ ಮಾತಾಡಲಿಲ್ಲ. ವಸೂಲಿ ಆದೇಶ ರದ್ದಾಯಿತು, ಹಿಡಿದ ಹಣ ವಾಪಸ್ ಅಂತ ಆಯಿತು. ಪೂರ್ತಿ ಗೆದ್ದೆವು ಅಂತ ಹೇಳಲ್ಲ. ಬಡ್ತಿಯೇ ತಪ್ಪು ಅನ್ನೋದಕ್ಕೆ ಅವರು ದಾಖಲೆ ಕೊಟ್ಟಿದ್ದರು, ನಮ್ಮ ಪಟ್ಟಿಯಲ್ಲೂ ಹಾಗೇ ಗುರುತಿತ್ತು, ಆ ಭಾಗದಲ್ಲಿ ಪಿಂಚಣಿ ಮರುನಿಗದಿ ಹಾಗೇ ಉಳಿಯಿತು. ಗುಮಾಸ್ತರಿಗೆ ತಿಂಗಳಿಗೆ ಒಂದಿಷ್ಟು ಕಮ್ಮಿ ಬರುತ್ತೆ.

ಈಗ ಇಪ್ಪತ್ತು ಪುಟದ ಅರ್ಜಿಗೆ ಮೂರು ಮೂರೂವರೆ ಗಂಟೆ ಸಾಕು. ಬೇರೆ ಚೇಂಬರಿನವರೂ ಮಾಡಿಸಿಕೊಳ್ಳುತ್ತಾರೆ, ಸಾವಿರದೈನೂರು ತಗೋತೀನಿ, ಮೊದಲ ಸಲ ಬಿಟ್ಟಿ. ಗೆಳೆಯನೊಬ್ಬ ಸರ್ಕಾರಿ ವಕೀಲನಾದ ಮೇಲೆ ಅವನಿಗೆ ಉಲ್ಟಾ ಮಾಡಿಕೊಟ್ಟೆ: ಕೌಂಟರ್ ಬರೆಯೋಕೆ ಮೊದಲೇ ಗ್ರೌಂಡುಗಳನ್ನು ಒಡೆದು, ಪ್ರತಿ ತುಂಡಿಗೆ ಯಾವ ಕಾಗದ ಬೇಕು ಅಂತ ಕೇಸ್ ವರ್ಕರಿಗೆ ಕಳಿಸೋ ಪಟ್ಟಿ. ಎರಡು ವಾರ ಆದ ಮೇಲೆ ಪಟ್ಟಿ ವಾಪಸ್ ಬಂತು, ಎಲ್ಲ ತುಂಡಿನ ಮುಂದೂ ಒಂದೇ ಉತ್ತರ: "ಕಡತದಂತೆ." ಈಗ ತಲೆ ಕೆಡಿಸಿಕೊಂಡಿರೋದು ಮೂರು ಪ್ರತಿವಾದಿಗಳು ಮೂರು ಬೇರೆ ಕೌಂಟರ್ ಹಾಕಿರೋ ಒಂದು ಕೇಸಿನಲ್ಲಿ. ಒಬ್ಬರು ಒಪ್ಪಿದ್ದನ್ನು ಇನ್ನೊಬ್ಬರು ಅಲ್ಲಗಳೆದಿದ್ದಾರೆ. ಕಾಲಂ ಹೆಚ್ಚಾಗಿ ಹಾಳೆ ಅಡ್ಡ ಹಿಡಿದರೂ ಹಿಡಿಸುತ್ತಿಲ್ಲ, ಸದ್ಯಕ್ಕೆ ಎರಡು ಹಾಳೆ ಅಂಟಿಸಿಕೊಂಡು ಕೂತಿದ್ದೇನೆ.